ರೂಮ್‌ಮೇಟ್‌ಗೆ ಮನೆಕೆಲಸದ ಮೆಸೇಜ್ ಬರೆಯುವ ಮುಂಚೆ ಹಳೇ ಚಾಟ್ ಪೂರ್ತಿ ಓದಿದೆ

ನಾವಿಬ್ಬರು ಹುಡುಗಿಯರು ವಿಜಯನಗರದ ಒಂದು ಬಾಡಿಗೆ ಮನೆಯಲ್ಲಿ ಇದ್ದೇವೆ. ನಾನು ತಿಪಟೂರು ಕಡೆಯವಳು, ಅವಳು ಗದಗಿನವಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ನನ್ನನ್ನು ಅಕ್ಕಾ ಅಂತ ಕರೆಯುತ್ತಾಳೆ. ಅವಳ ಶಿಫ್ಟ್ ಮಧ್ಯಾಹ್ನ 2ರಿಂದ ರಾತ್ರಿ 11ರವರೆಗೆ. ನಾನು ಬೆಳಗ್ಗೆ ಎಂಟೂವರೆಗೆಲ್ಲ ಮನೆ ಬಿಡುತ್ತೇನೆ. ಅಂದರೆ ವಾರದ ದಿನಗಳಲ್ಲಿ ನಾವು ಒಬ್ಬರ ಮುಖ ಒಬ್ಬರು ನೋಡುವುದೇ ಅಪರೂಪ. ಮನೆಯ ಎಲ್ಲ ಮಾತುಕತೆ ನಡೆಯುವುದು ವಾಟ್ಸಾಪ್‌ನಲ್ಲಿ. ಮನೆಕೆಲಸದವರನ್ನು ಇಟ್ಟುಕೊಂಡಿಲ್ಲ, ಎಲ್ಲ ನಾವೇ ಮಾಡಿಕೊಳ್ಳಬೇಕು.

ಈ 'ನಾವೇ' ಅನ್ನುವುದು ಬರುಬರುತ್ತಾ 'ನಾನೇ' ಆಗಿತ್ತು. ಕಸ, ಕುಡಿಯುವ ನೀರಿನ ಕ್ಯಾನ್, ಗ್ಯಾಸ್, ಬಾತ್‌ರೂಮ್, ಫ್ರಿಜ್, ಎಲ್ಲ ನನ್ನ ಮೇಲೆ. ಇದರಲ್ಲಿ ನನಗೆ ತೀರಾ ಸಾಕಾಗಿದ್ದು ಕಸ. ನಮ್ಮ ರಸ್ತೆಗೆ ಕಸದ ಆಟೊ ಬೆಳಗ್ಗೆ ಏಳರ ಆಸುಪಾಸಿನಲ್ಲಿ ಬರುತ್ತದೆ. ಹಸಿ ಕಸ, ಒಣ ಕಸ ಬೇರೆ ಇಲ್ಲದಿದ್ದರೆ ಅವರು ತೆಗೆದುಕೊಳ್ಳುವುದಿಲ್ಲ. ಸ್ಯಾನಿಟರಿ ಕಸವನ್ನು ಪೇಪರ್‌ನಲ್ಲಿ ಸುತ್ತಿ ಪ್ರತ್ಯೇಕವಾಗಿ ಕೊಡಬೇಕು. ಭಾನುವಾರ ಅವಳು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡುತ್ತಾಳೆ, ತುಂಬಾ ಚೆನ್ನಾಗಿ ಮಾಡುತ್ತಾಳೆ. ಆದರೆ ಸೋಮವಾರ ಬೆಳಗ್ಗೆ ಹಸಿ ಕಸದ ಡಬ್ಬಿ ತೆರೆದರೆ ಬದನೆಕಾಯಿ ತೊಟ್ಟು, ಈರುಳ್ಳಿ ಸಿಪ್ಪೆಯ ನಡುವೆ ಎರಡು ಹಾಲಿನ ಕವರ್, ಶೇಂಗಾ ತಂದ ಪ್ಲಾಸ್ಟಿಕ್, ಒಂದು ಟಿಶ್ಯೂ. ಆಟೊದ ಹಾಡು ಮೂಲೆಯಲ್ಲಿ ಕೇಳಿಸುತ್ತಿರುತ್ತದೆ, ನಾನು ಆ ಹುಳಿ ವಾಸನೆಯಲ್ಲಿ ಕೈ ಹಾಕಿ ಹಾಲಿನ ಕವರ್ ಹೆಕ್ಕಿ, ತೊಳೆದು, ಒಣ ಕಸಕ್ಕೆ ಹಾಕಿ, ಮೆಟ್ಟಿಲು ಇಳಿದು ಓಡಬೇಕು. ಅವಳು ಒಳಗೆ ಮಲಗಿರುತ್ತಾಳೆ. ರಾತ್ರಿ ಹನ್ನೆರಡೂವರೆಗೆ ಬಂದವಳು ಏಳಕ್ಕೆ ಏಳಬೇಕು ಅಂತ ಹೇಳುವುದೂ ನ್ಯಾಯ ಅಲ್ಲ. ಕವರ್ ಬೇರೆ ಡಬ್ಬಿಗೆ ಹಾಕು ಅನ್ನುವುದಂತೂ ನ್ಯಾಯವೇ.

ಇದನ್ನು ನಾನು ಹೇಳಿರಲಿಲ್ಲ ಅಂತಲ್ಲ. ಬೇಕಾದಷ್ಟು ಸಲ ಹೇಳಿದ್ದೆ. ಏನೂ ಬದಲಾಗಿರಲಿಲ್ಲ. ಹಾಗಾಗಿ ಈ ಸಲ ಒಂದೇ ಮೆಸೇಜ್‌ನಲ್ಲಿ ಪೂರ್ತಿ ವಿಷಯ ಬರೆಯೋಣ, ಬರೆಯುವ ಮುಂಚೆ ಹಿಂದೆ ಬರೆದದ್ದರಲ್ಲಿ ಯಾವುದಕ್ಕೆ ಅವಳು ಹೇಗೆ ಉತ್ತರಿಸಿದ್ದಾಳೆ ಅಂತ ಕೂತು ನೋಡೋಣ ಅಂತ ತೀರ್ಮಾನಿಸಿದೆ.

ಮೊದಲು ಚಾಟನ್ನು ಮೇಲೆ ಎಳೆಯುತ್ತಾ ಓದಲು ನೋಡಿದೆ. ಅದು ಕೈಗೂಡುವ ಕೆಲಸ ಅಲ್ಲ, ನಡುವೆ ಫೋಟೊ, ರೀಲ್ಸ್, ಫಾರ್ವರ್ಡ್‌ಗಳೇ ಜಾಸ್ತಿ. ಆಂಡ್ರಾಯ್ಡ್ ಫೋನ್‌ನಲ್ಲಿ ಚಾಟ್ ತೆರೆದು ಮೇಲಿನ ಮೂರು ಚುಕ್ಕಿ ಒತ್ತಿ `More`, ಆಮೇಲೆ `Export chat`, ಅದರಲ್ಲಿ `Without media` ಆರಿಸಿದರೆ ಇಡೀ ಚಾಟ್ ಒಂದು ಟೆಕ್ಸ್ಟ್ ಫೈಲ್ ಆಗಿ ಸಿಗುತ್ತದೆ. ಪ್ರತಿ ಮೆಸೇಜ್‌ಗೂ ದಿನ, ಸಮಯ, ಹೆಸರು ಇರುತ್ತದೆ. ಅದನ್ನು ಲ್ಯಾಪ್‌ಟಾಪ್‌ಗೆ ಹಾಕಿಕೊಂಡು ಕಸ, ಪಾತ್ರೆ, ನೀರು, ಗ್ಯಾಸ್, ಬಾತ್‌ರೂಮ್ ಅಂತ ಒಂದೊಂದೇ ಪದ ಹುಡುಕಿದೆ. ನಾವು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರು, ಅದರಲ್ಲೂ ಒಂದೇ ಪದಕ್ಕೆ ಮೂರು ಥರ ಸ್ಪೆಲಿಂಗ್. `patre`, `paatre`, `pathre` ಮೂರೂ ಹುಡುಕಬೇಕಾಯಿತು. ಒಂದೇ ಸ್ಪೆಲಿಂಗ್ ನಂಬಿಕೊಂಡರೆ ಅರ್ಧ ಮಾತು ಕೈ ತಪ್ಪುತ್ತದೆ.

ಈ ಫೈಲ್‌ನಲ್ಲಿ ಎಲ್ಲವೂ ಇರುವುದಿಲ್ಲ ಅನ್ನುವುದೂ ಗೊತ್ತಿರಬೇಕು. ವಾಯ್ಸ್ ಮೆಸೇಜ್ ಇದ್ದ ಕಡೆ ಬರೀ `<Media omitted>` ಅಂತ ಇರುತ್ತದೆ. ಮೆಸೇಜ್ ಮೇಲೆ ಒತ್ತಿದ ಥಂಬ್ಸ್ ಅಪ್, ಹಾರ್ಟ್ ಇವು ಫೈಲ್‌ಗೆ ಬರುವುದೇ ಇಲ್ಲ. ಅವಳು ಮನಸ್ಸು ಬಿಚ್ಚಿ ಮಾತಾಡುವುದು ವಾಯ್ಸ್‌ನಲ್ಲೇ. ಬರೀ ಟೆಕ್ಸ್ಟ್ ನೋಡಿದರೆ ಅವಳು ಒಂದೆರಡು ಪದದಲ್ಲಿ ಮುಗಿಸುವ ಹುಡುಗಿ ಅನ್ನಿಸುತ್ತದೆ. ಹಾಗಾಗಿ `<Media omitted>` ಇದ್ದ ಕಡೆಗಳ ದಿನ ನೋಡಿಕೊಂಡು ಆ್ಯಪ್‌ನಲ್ಲಿ ಅಲ್ಲಿಗೇ ಹೋಗಿ ಕೇಳಿದೆ. ಇಯರ್‌ಫೋನ್ ಹಾಕಿಕೊಂಡು ಒಂದು ಶನಿವಾರ ಸಂಜೆ ಪೂರ್ತಿ ಇದೇ ಕೆಲಸ.

ಮೊದಲು ಕಣ್ಣಿಗೆ ಬಿದ್ದಿದ್ದು ಸಮಯ. ಕಸದ ಬಗ್ಗೆ ನನ್ನ ಮೆಸೇಜ್‌ಗಳೆಲ್ಲ ಬೆಳಗ್ಗೆ ಏಳೂವರೆಯಿಂದ ಎಂಟರ ನಡುವೆ ಹೋಗಿದ್ದವು, ಅಂದರೆ ಆಟೊ ಹೋದ ಕೂಡಲೇ, ಕೈಯಲ್ಲಿನ್ನೂ ವಾಸನೆ ಇರುವಾಗ. ನಾವು ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು `Info` ನೋಡಿದರೆ ಎದುರಿನವರು ಯಾವಾಗ ಓದಿದರು ಅಂತ ತೋರಿಸುತ್ತದೆ. ಅವಳು ಓದಿದ್ದು ಹತ್ತೂವರೆ, ಹನ್ನೊಂದಕ್ಕೆ, ಎದ್ದ ತಕ್ಷಣ. ಕಣ್ಣು ಬಿಟ್ಟರೆ ಮೊದಲು ಕಾಣುವುದು ನನ್ನ ದೂರು. ಆ ಹೊತ್ತಿನ ಉತ್ತರಗಳೆಲ್ಲ ಒಂದೇ ಥರ, ಒಂದು `k`, ಇಲ್ಲಾ ಬರೀ ಥಂಬ್ಸ್ ಅಪ್. ಅದೇ ಸಂಜೆ ಅವಳ ಬ್ರೇಕ್ ಹೊತ್ತಿಗೆ, ಆರರ ಸುಮಾರಿಗೆ, ಏನಾದರೂ ಬರೆದಿದ್ದರೆ ಉದ್ದುದ್ದ ಉತ್ತರ ಬಂದಿದೆ. ಪಕ್ಕದ ಸೀಟಿನವಳ ಸುದ್ದಿ, ಟೀಮ್ ಲೀಡ್ ಸುದ್ದಿ, ಎಲ್ಲ ಬಂದಿದೆ.

ಎರಡನೆಯದು, ನಾನು ಕೇಳಿದ ರೀತಿ. 'ಸ್ವಲ್ಪ ಅಡುಗೆಮನೆ ಕಡೆ ನೋಡ್ಕೊಳ್ಳೇ' ಅಂತ ಕೇಳಿದ್ದಕ್ಕೆ 'ಹೂಂ ಅಕ್ಕಾ, ನೋಡ್ತೀನಿ' ಅಂತ ಬಂದಿದೆ. ಕೆಲಸ ಆಗಿಲ್ಲ. 'ಇವತ್ತು ಪ್ಲಂಬರ್ ಹನ್ನೆರಡಕ್ಕೆ ಬರ್ತಾನೆ, ಬಾಗಿಲು ತೆಗೆದು ಸಿಂಕ್ ಕೆಳಗಿನ ಪೈಪ್ ತೋರ್ಸು' ಅಂತ ಬರೆದಿದ್ದಕ್ಕೆ 'ಆತು ತಗೋ ಅಕ್ಕಾ' ಅಂತ ಬಂದಿದೆ. ಕೆಲಸ ಆಗಿದೆ, ಆದ ಮೇಲೆ ಪೈಪಿನ ಫೋಟೊ ಕೂಡ ಕಳಿಸಿದ್ದಾಳೆ. ಇಂಥದ್ದೇ ಜೋಡಿಗಳು ಫೈಲ್ ತುಂಬಾ ಸಿಕ್ಕವು. ಯಾವ ಕೆಲಸ, ಯಾವ ಹೊತ್ತಿಗೆ, ಎಲ್ಲಿಗೆ ಮುಗಿಯುತ್ತದೆ ಅಂತ ಹೇಳಿದ ಯಾವುದಕ್ಕೂ ಅವಳು ಇಲ್ಲ ಅಂದಿಲ್ಲ. ಸೋಮಾರಿ ಹುಡುಗಿ ಆಗಿದ್ದರೆ ಎರಡೂ ಥರದ ಕೆಲಸ ಬಾಕಿ ಉಳಿಯಬೇಕಿತ್ತು, ಅಲ್ವಾ?

ನನಗೆ ಅತಿ ಹೆಚ್ಚು ಉಪಯೋಗವಾಗಿದ್ದು ಮೂರನೆಯದು. ನಯವಾಗಿರಲಿ ಅಂತ ನಾನು ಎಷ್ಟೋ ಕಡೆ 'ಬೇಜಾರು ಮಾಡ್ಕೋಬೇಡ, ಒಂದು ಮಾತು ಹೇಳ್ತೀನಿ' ಅಂತ ಶುರು ಮಾಡಿದ್ದೆ. ಅಂಥ ಪ್ರತಿಯೊಂದಕ್ಕೂ ಅವಳ ಉತ್ತರ ಬೇಜಾರಿನ ಬಗ್ಗೆಯೇ ಇತ್ತು. 'ಇಲ್ಲಕ್ಕಾ, ನಂಗೇನ್ ಬೇಜಾರಿಲ್ಲ, ನಿಂಗ ಬೇಜಾರಾಗೇತೇನು?' ಅಂತ ಕೇಳಿದ್ದಾಳೆ, ನಾನು ಇಲ್ಲ ಅಂದಿದ್ದೇನೆ, ಅವಳೊಂದು ಹಾರ್ಟ್ ಹಾಕಿದ್ದಾಳೆ, ಮುಗೀತು. ಬಾತ್‌ರೂಮ್ ವಿಷಯ ಎಲ್ಲಿ ಹೋಯಿತೋ! ಮೊದಲ ಸಾಲಿನಲ್ಲಿ ಮನಸ್ಸಿನ ವಿಷಯ ಎತ್ತಿದರೆ ಎದುರಿನವರು ಪಾಪ ಅದಕ್ಕೇ ಉತ್ತರ ಕೊಡುತ್ತಾರೆ. ಕೆಲಸದ ಮಾತು ಕೆಳಗೆ ಬಿದ್ದು ಹೋಗುತ್ತದೆ.

ಇನ್ನೊಂದು, ಕೋಪ ಬಂದ ದಿನ ನನ್ನ ಭಾಷೆಯೇ ಬದಲಾಗಿತ್ತು. ಮಾಮೂಲಿ ದಿನದ ಕನ್ನಡ ಬಿಟ್ಟು, `Please clean the bathroom today.` ಅಂತ ಪೂರ್ತಿ ಇಂಗ್ಲಿಷ್‌ನಲ್ಲಿ, ಕೊನೆಗೆ ಫುಲ್‌ಸ್ಟಾಪ್ ಇಟ್ಟು. ಅವಳೂ ಅದೇ ಧಾಟಿಯಲ್ಲಿ `Sorry. Will do.` ಅಂದಿದ್ದಾಳೆ. ಆ ದಿನ ಬಾತ್‌ರೂಮ್ ತೊಳೆದಿದ್ದಾಳೆ ಕೂಡ. ಆದರೆ ಅದರ ನಂತರದ ದಿನಗಳ ಚಾಟ್ ನೋಡಿದರೆ ಊಟ ಆಯ್ತಾ ಅನ್ನುವ ಮಾತಿಲ್ಲ, ಫೋಟೊ ಇಲ್ಲ, ವಾಯ್ಸ್ ಇಲ್ಲ. ಕೆಲಸ ಒಂದು ಸಲ ಆಯಿತು, ಮುಂದಿನ ವಾರ ಮತ್ತೆ ಅದೇ ಕಥೆ. ಹಾಗಾಗಿ ಈ ಮೆಸೇಜ್ ನಾವು ದಿನಾ ಮಾತಾಡುವ ಭಾಷೆಯಲ್ಲೇ ಇರಬೇಕು ಅಂತ ಗಟ್ಟಿ ಮಾಡಿಕೊಂಡೆ.

ಅವಳ ಕಡೆಯ ಸಾಲುಗಳನ್ನೂ ಪೂರ್ತಿ ಓದಿದೆ, ಅದು ಬಹಳ ಮುಖ್ಯ. ವೈಫೈ ಬಿಲ್ ಪ್ರತಿ ತಿಂಗಳೂ ಅವಳೇ ಕಟ್ಟಿ ಸ್ಕ್ರೀನ್‌ಶಾಟ್ ಹಾಕುತ್ತಾಳೆ. ಬಾಡಿಗೆ ಒಟ್ಟು ಮಾಡಿ ಓನರ್‌ಗೆ ಹಾಕುವುದೂ ಅವಳೇ. ಮಳೆಗಾಲದಲ್ಲಿ ಗೋಡೆ ಒದ್ದೆ ಆದಾಗ ಓನರ್ ಬೆನ್ನು ಬಿದ್ದು ರಿಪೇರಿ ಮಾಡಿಸಿದ್ದು ಅವಳು. ಇವೆಲ್ಲ ಲೆಕ್ಕಕ್ಕೆ ಬರಬೇಕು. 1979ರಲ್ಲಿ ರಾಸ್ ಮತ್ತು ಸಿಕೋಲಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಗಂಡ ಹೆಂಡತಿಯರನ್ನು ಬೇರೆಬೇರೆ ಕೂರಿಸಿ, ಮನೆಕೆಲಸದಲ್ಲಿ ನಿಮ್ಮ ಪಾಲೆಷ್ಟು ಅಂತ ಕೇಳಿದ್ದರು. ಇಬ್ಬರ ಉತ್ತರ ಕೂಡಿಸಿದರೆ ಹೆಚ್ಚಿನ ಕಡೆ ನೂರು ದಾಟುತ್ತಿತ್ತು. ತಾನು ಮಾಡಿದ್ದು ಸುಲಭವಾಗಿ ನೆನಪಿಗೆ ಬರುತ್ತದೆ, ಇನ್ನೊಬ್ಬರು ಮಾಡಿದ್ದು ಬರುವುದಿಲ್ಲ, ಅದೇ ಕಾರಣ. ಅದಕ್ಕೇ 'ಎಂಬತ್ತು ಪರ್ಸೆಂಟ್ ನಾನೇ ಮಾಡ್ತೀನಿ' ಅನ್ನುವ ಥರದ ಸಾಲು ಬರೆಯಲೇಬಾರದು. ಅವಳ ಮನಸ್ಸಿನ ಲೆಕ್ಕದಲ್ಲಿ ಅದು ಖಂಡಿತ ಸುಳ್ಳು, ಅಲ್ಲಿಂದ ಜಗಳ ಶುರು. ಕೆಲಸದ ಹೆಸರು ಬರೆದರೆ ಯಾರೂ ಅಲ್ಲಗಳೆಯಲು ಆಗುವುದಿಲ್ಲ.

ಆದರೆ ಚಾಟ್‌ನಲ್ಲಿ ಎಲ್ಲೂ ಇಲ್ಲದ ಒಂದು ಕೆಲಸ ಇದೆ. ಗಮನ ಇಡುವ ಕೆಲಸ. ಗ್ಯಾಸನ್ನೇ ತೆಗೆದುಕೊಳ್ಳಿ. ಉರಿ ಸಣ್ಣ ಆಗುತ್ತಿದೆ ಅಂತ ಗಮನಿಸಬೇಕು, ಬುಕ್ ಮಾಡಬೇಕು, ದುಡ್ಡು ಕಟ್ಟಬೇಕು, ತರುವ ಹುಡುಗನಿಗೆ ಕೊಡಲು ಫೋನಿಗೆ ಬಂದ ಕೋಡ್ ಇಟ್ಟುಕೊಳ್ಳಬೇಕು, ಆ ಹೊತ್ತಿಗೆ ಮನೆಯಲ್ಲಿ ಯಾರಾದರೂ ಇರಬೇಕು. ಅವಳು ಮಾಡುವುದು ಕೊನೆಯದು ಮಾತ್ರ, ಅದೂ ನಾನು ಹೇಳಿದರೆ. ಅವಳನ್ನು ಕೇಳಿದರೆ ಗ್ಯಾಸ್ ನಾನೇ ತಗೊಂಡೆ ಅನ್ನುತ್ತಾಳೆ, ಅದು ಸುಳ್ಳೂ ಅಲ್ಲ. ನನಗೆ ಸುಸ್ತಾಗುತ್ತಿದ್ದುದು ಸಿಲಿಂಡರ್ ಎಳೆದು ಅಲ್ಲ, ಐದು ವಿಷಯ ಸದಾ ತಲೆಯಲ್ಲಿ ಇಟ್ಟುಕೊಂಡು. ಇದು ಗೊತ್ತಾದ ಮೇಲೆ ಏನು ಕೇಳಬೇಕು ಅನ್ನುವುದು ನಿಚ್ಚಳವಾಯಿತು. ಸಹಾಯ ಮಾಡು ಅಂತ ಕೇಳಿದರೆ ಪ್ರಯೋಜನ ಇಲ್ಲ. ಒಂದೆರಡು ಕೆಲಸವನ್ನು ಬುಡದಿಂದ ತುದಿವರೆಗೆ ಅವಳಿಗೇ ಕೊಡಬೇಕು, ನೆನಪಿಸುವ ಕೆಲಸವೂ ಸೇರಿ.

ಯಾವುದು ಕೊಡುವುದು ಅಂತ ಯೋಚಿಸಿದೆ. ಗ್ಯಾಸ್ ಕನೆಕ್ಷನ್ ನನ್ನ ಹೆಸರಲ್ಲಿದೆ, ಕೋಡ್ ನನ್ನ ಫೋನಿಗೇ ಬರುತ್ತದೆ, ಕೊಟ್ಟರೂ ಅರ್ಧ ನನ್ನ ಹತ್ತಿರವೇ ಉಳಿಯುತ್ತದೆ. ಬೆಳಗಿನ ಕಸ ಅವಳ ನಿದ್ದೆಗೆ ಹೊಂದುವುದಿಲ್ಲ. ಕುಡಿಯುವ ನೀರು ಸರಿ ಹೊಂದುತ್ತದೆ, 20 ಲೀಟರ್ ಕ್ಯಾನ್ ತರುವ ಅಂಗಡಿಯವರು ಬೆಳಗ್ಗೆ ಹನ್ನೊಂದರ ಮೇಲೇ ಬರುವುದು, ಅವಳು ಮನೆಯಲ್ಲಿರುತ್ತಾಳೆ. ಬಾತ್‌ರೂಮ್ ಯಾವಾಗ ಬೇಕಾದರೂ ಮಾಡಬಹುದು. ಇವೆರಡು, ಜೊತೆಗೆ ರಾತ್ರಿಯ ಸಿಂಕ್ ಮತ್ತು ಕಸ ಬೇರೆ ಮಾಡುವುದು.

ಮೊದಲ ಕರಡು ಆಫೀಸ್ ಮೇಲ್ ಥರ ಬಂತು, ಒಂದು, ಎರಡು, ಮೂರು ಅಂತ ನಂಬರ್ ಹಾಕಿ. ಅಳಿಸಿದೆ. ಎರಡನೆಯದರಲ್ಲಿ ಅವಳಿಗೆ ಹತ್ತಿರ ಅನ್ನಿಸಲಿ ಅಂತ ಅವಳ ಗದಗಿನ ಮಾತಿನಲ್ಲೇ ಒಂದೆರಡು ಸಾಲು ಹಾಕಿ ನೋಡಿದೆ. ಓದಿದರೆ ಅಣಕಿಸಿದ ಹಾಗಿತ್ತು, ಅದನ್ನೂ ತೆಗೆದೆ. ಅವಳ ಧಾಟಿ ಅರ್ಥ ಮಾಡಿಕೊಳ್ಳುವುದು ಬೇರೆ, ಅದನ್ನು ಹಾಕಿಕೊಂಡು ಮಾತಾಡುವುದು ಬೇರೆ. ಹಳೇ ಚಾಟಿನ ಯಾವ ಸಾಲನ್ನೂ ಎತ್ತಿ ಹಾಕಬಾರದು ಅಂತಲೂ ತೀರ್ಮಾನಿಸಿದೆ. 'ಮಾರ್ಚ್‌ನಲ್ಲಿ ನೀನೇ ಹೀಗಂದಿದ್ದೆ' ಅಂತ ಒಂದು ಸಲ ಬಂದರೆ ಅಲ್ಲಿಂದ ಮುಂದೆ ಅವಳು ನನ್ನ ಜೊತೆ ಪ್ರತಿ ಮಾತನ್ನೂ ತೂಗಿ ಆಡುತ್ತಾಳೆ. ಮನೆ ಕೋರ್ಟ್ ಆಗಬಾರದು. ಕೊನೆಗೆ ಗುರುವಾರ ಸಂಜೆ ಆರಕ್ಕೆ ಕಳಿಸಿದ್ದು ಇದು. ಇಂಗ್ಲಿಷ್ ಅಕ್ಷರದಲ್ಲಿತ್ತು, ಇಲ್ಲಿ ಕನ್ನಡದಲ್ಲಿ ಹಾಕಿದ್ದೇನೆ.

'ಟೀ ಆಯ್ತೇನೇ? ಮನೆ ಕೆಲ್ಸದ ಬಗ್ಗೆ ಬರೀತಿದ್ದೀನಿ, ಸ್ವಲ್ಪ ಉದ್ದ ಇದೆ. ಈಗ್ಲೇ ಉತ್ತರ ಬೇಡ, ಓದಿರು, ಭಾನುವಾರ ಊಟ ಆದ್ಮೇಲೆ ಕೂತು ಮಾತಾಡೋಣ. ಕಸ, ಕುಡಿಯೋ ನೀರು, ಗ್ಯಾಸು, ಬಾತ್‌ರೂಮು, ಫ್ರಿಜ್ಜು ಈಗ ನಾನು ನೋಡ್ಕೋತಿದ್ದೀನಿ. ವೈಫೈ, ಬಾಡಿಗೆ, ಓನರ್ ಹತ್ರ ಮಾತು, ಭಾನುವಾರದ ಅಡುಗೆ ನೀನು. ನಿನ್ನವು ವಾರಕ್ಕೋ ತಿಂಗಳಿಗೋ ಒಂದ್ಸಲ ಬರೋವು, ನನ್ನವು ದಿನಾ ಬೆನ್ನಿಗಿರೋವು. ನಂಗೆ ಇದು ಜಾಸ್ತಿ ಆಗಿದೆ, ಹಿಂಗೇ ಮುಂದುವರ್ಸೋಕೆ ಆಗಲ್ಲ. ಕುಡಿಯೋ ನೀರು, ಬಾತ್‌ರೂಮು ಎರಡೂ ನೀನು ಪೂರ್ತಿ ತಗೋ. ಪೂರ್ತಿ ಅಂದ್ರೆ ನೀರು ಎಷ್ಟಿದೆ ನೋಡೋದು, ಅಂಗಡಿಗೆ ಫೋನು, ದುಡ್ಡು, ಕ್ಯಾನ್ ಏರ್ಸೋದು ಎಲ್ಲ. ನಾನು ನೆನಪಿಸಲ್ಲ. ಬಾತ್‌ರೂಮು ವಾರಕ್ಕೊಂದ್ಸಲ, ನಿಂಗೆ ಬೇಕಾದ ದಿನ. ಬೆಳಗ್ಗೆ ಕಸ ಕೊಡೋದು ನಂಗೇ ಇರ್ಲಿ, ನೀನು ಮಲಗಿರ್ತೀಯ. ಆದ್ರೆ ಹಾಲಿನ ಕವರ್, ಪ್ಲಾಸ್ಟಿಕ್ ಹಸಿ ಕಸದಲ್ಲಿ ಬರ್ಬಾರ್ದು, ಬಂದ್ರೆ ಬೆಳಗ್ಗೆ ನಾನು ಕೈ ಹಾಕಿ ತೆಗೀಬೇಕು. ರಾತ್ರಿ ನೀನು ಊಟ ಮಾಡಿದ್ಮೇಲೆ ಸಿಂಕ್ ಖಾಲಿ ಇರ್ಲಿ. ಇದ್ರಲ್ಲಿ ಯಾವ್ದು ನಿಂಗೆ ಆಗಲ್ಲ ಅನ್ಸತ್ತೋ ಅದ್ರ ಬದಲಿಗೆ ಯಾವ್ದು ತಗೋತೀಯ ಯೋಚ್ನೆ ಮಾಡಿರು.'

'ನಂಗೆ ಇದು ಜಾಸ್ತಿ ಆಗಿದೆ' ಅನ್ನುವ ಸಾಲನ್ನು ಎಲ್ಲಿ ಇಡಬೇಕು ಅನ್ನುವುದಕ್ಕೇ ತುಂಬಾ ಹೊತ್ತು ಹಿಡಿಯಿತು. ಮೊದಲು ಇಟ್ಟರೆ ಹಳೆಯ ಹಾಗೆ ಬೇಜಾರಿನ ಮಾತೇ ಆಗಿಬಿಡುತ್ತದೆ, ಬಿಟ್ಟರೆ ಇದು ಬರೀ ಪಟ್ಟಿ. ಕೆಲಸದ ಹೆಸರುಗಳು ಬಂದ ಮೇಲೆ, ಕೇಳುವ ಮುಂಚೆ ಇಟ್ಟೆ. ಕೊನೆಯಲ್ಲಿ ಪ್ರಶ್ನೆಯಾಗಿ 'ಆಗುತ್ತಾ?' ಅಂತ ಕೇಳಲಿಲ್ಲ. ಅದಕ್ಕೆ 'ಹೂಂ ನೋಡ್ತೀನಿ' ಅಂತಲೇ ಬರುತ್ತದೆ ಅಂತ ಫೈಲ್ ಹೇಳಿತ್ತು.

ನೀಲಿ ಟಿಕ್ ಬೇಗ ಬಂತು, ಉತ್ತರ ಬರಲಿಲ್ಲ. ಆ ಹೊತ್ತು ಕಷ್ಟವೇ. ಇನ್ನೊಂದು ಸಾಲು ಸೇರಿಸೋಣ ಅಂತ ಕೈ ತುರಿಸುತ್ತದೆ, ಸೇರಿಸಬಾರದು. ರಾತ್ರಿ ಕ್ಯಾಬ್‌ನಿಂದ ವಾಯ್ಸ್ ಬಂತು, ನಾಲ್ಕು ನಿಮಿಷದ್ದು. ನೀರು ಆತು ತಗೋ, ಕವರ್ ವಿಷಯ ಆತು, ಅದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ ಅಂದಳು. ಬಾತ್‌ರೂಮ್ ಕ್ಲೀನರ್ ವಾಸನೆಗೆ ತಲೆನೋವು ಬರುತ್ತದೆ, ಅದರ ಬದಲು ಮನೆ ಗುಡಿಸಿ ಒರೆಸುವುದು ಪೂರ್ತಿ ತನಗಿರಲಿ, ಈಗ ಅದನ್ನು ಯಾರಿಗೆ ಕಂಡರೆ ಅವರು ಮಾಡುತ್ತಿದ್ದೇವಲ್ಲ ಅಂದಳು. ಆಮೇಲೆ ಒಂದು ದೂರು. 'ನಾ ತೊಳದಿಟ್ಟ ಪಾತ್ರಿ ನೀ ಮತ್ತ ತೊಳೀತಿ ಅಕ್ಕಾ. ಅದನ್ನ ನೋಡಿದ್ರ ಯಾಕರ ತೊಳೀಬೇಕು ಅನಸ್ತದ.'

ಈ ಮಾತು ಚಾಟ್‌ನಲ್ಲಿ ಎಲ್ಲೂ ಇರಲಿಲ್ಲ. ಹಳೇ ಮಾತು ಎಷ್ಟು ಓದಿದರೂ ಅವಳು ಹೇಳದೇ ಬಿಟ್ಟಿದ್ದು ಸಿಗುವುದಿಲ್ಲ, ಅದಕ್ಕೆ ಬಾಯಿ ಬಿಟ್ಟು ಕೇಳಲೇಬೇಕು. ಭಾನುವಾರ ರೊಟ್ಟಿ ತಿಂದ ಮೇಲೆ ಹೆಚ್ಚು ಹೊತ್ತು ಹೋಗಿದ್ದು ಇದಕ್ಕೇ. ಒಗ್ಗರಣೆ ಸೌಟಿಗೆ, ಬಾಣಲೆ ಹಿಡಿ ಹತ್ತಿರ ಜಿಡ್ಡು ಉಳಿದಿರುತ್ತದೆ, ಅದಕ್ಕೆ ತೊಳೆಯುತ್ತೇನೆ ಅಂದೆ. ಬಾಣಲೆ ತಂದು ತೋರಿಸಿದೆ, ಬೆರಳಿಟ್ಟು ನೋಡಿದಳು, ಒಪ್ಪಿದಳು. ಜಿಡ್ಡು ಉಳಿದ ಪಾತ್ರೆಯನ್ನು ನಾನು ತೊಳೆಯುವುದಿಲ್ಲ, ಸಿಂಕ್ ಪಕ್ಕ ಇಡುತ್ತೇನೆ, ಅವಳು ಎದ್ದ ಮೇಲೆ ನೋಡಿಕೊಳ್ಳುತ್ತಾಳೆ ಅಂತ ಮಾತಾಯಿತು. ಬಾತ್‌ರೂಮ್ ನನ್ನಲ್ಲೇ ಉಳಿಯಿತು, ನೆಲ ಪೂರ್ತಿ ಅವಳದು. ನಾನು ಕೇಳಿದ್ದು ಇದಲ್ಲ, ಆದರೂ ಲೆಕ್ಕ ಸರಿಯಾಗಿದೆ.

ನೀರಿನ ವಿಷಯದಲ್ಲಿ ಒಮ್ಮೆ ಕ್ಯಾನ್ ಪೂರ್ತಿ ಖಾಲಿ ಆಯಿತು. ಶನಿವಾರ ರಾತ್ರಿ, ಅಂಗಡಿ ಮುಚ್ಚಿತ್ತು. ಅಂಗಡಿಯವರ ನಂಬರ್ ನನ್ನ ಫೋನ್‌ನಲ್ಲಿ ಇದ್ದೇ ಇತ್ತು, ಸಂಜೆಯೇ ತಳ ಕಂಡಿದ್ದೆ. ಫೋನ್ ಮಾಡಲಿಲ್ಲ. ಮಾಡಿದ್ದರೆ ನೀರು ಮತ್ತೆ ನನ್ನ ಕೆಲಸವೇ ಆಗುತ್ತಿತ್ತು. ಅವಳು ಕೆಳಗಿನ ಬೇಕರಿಯಿಂದ ಬಾಟಲ್ ತಂದಳು, ಮಾರನೇ ದಿನ ಅಂಗಡಿಗೆ ಡಿಪಾಸಿಟ್ ಕಟ್ಟಿ ಇನ್ನೊಂದು ಕ್ಯಾನ್ ತರಿಸಿದಳು. ಈಗ ಒಂದು ಸ್ಟಾಂಡ್ ಮೇಲೆ, ಒಂದು ಪಕ್ಕದಲ್ಲಿ ತುಂಬಿ ಇರುತ್ತದೆ. ಇದು ನನಗೆ ಹೊಳೆದಿರಲಿಲ್ಲ, ಅವಳದೇ ಐಡಿಯಾ.

ಎಕ್ಸ್‌ಪೋರ್ಟ್ ಮಾಡಿದ ಫೈಲನ್ನು ಲ್ಯಾಪ್‌ಟಾಪ್‌ನಿಂದಲೂ ಫೋನ್‌ನಿಂದಲೂ ಅಳಿಸಿದೆ. ಅದರಲ್ಲಿ ಅವಳ ಮನೆಯ ವಿಷಯ, ಸಂಬಳದ ವಿಷಯ ಎಲ್ಲ ಇತ್ತು, ಇಟ್ಟುಕೊಳ್ಳುವಂಥದ್ದಲ್ಲ. ಸೋಮವಾರದ ಡಬ್ಬಿಯಲ್ಲಿ ಕವರ್ ಬರುವುದು ನಿಂತಿದೆ, ಟಿಶ್ಯೂ ಒಂದೊಂದು ದಿನ ಇರುತ್ತದೆ, ಅದನ್ನು ಸಂಜೆ ಆರರ ಮೇಲೆ ಹೇಳುತ್ತೇನೆ. ಫ್ರಿಜ್ ಯಾರದು ಅನ್ನುವುದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ಅದರಲ್ಲಿರುವ ಅರ್ಧ ಡಬ್ಬಿ ಅವಳ ಊರಿಂದ ಬಂದ ಚಟ್ನಿಪುಡಿ, ಉಪ್ಪಿನಕಾಯಿ, ಯಾವುದು ಎಸೆಯಬೇಕು ಯಾವುದು ಬಿಡಬೇಕು ಅಂತ ನನಗೆ ಗೊತ್ತಾಗುವುದಿಲ್ಲ, ಹಾಗಾಗಿ ಅದನ್ನು ಅವಳೇ ತೆಗೆದುಕೊಳ್ಳಬೇಕು ಅಂತ ಮುಂದಿನ ಭಾನುವಾರ ಕೇಳುವವಳಿದ್ದೇನೆ.